ಬಾಡಿಗೆ ಮನೆಗೆ ಅರ್ಧದಷ್ಟು ಹೆಚ್ಚುವರಿ ಶುಲ್ಕ: ಒಂದು ವಸತಿ ಸಹಕಾರ ಸಂಘದ ಬೈಲಾ ಓದಿದ ಪ್ರಕರಣ

ಸಹಕಾರ ಸಂಘಗಳ ದಾಖಲೆ ಮತ್ತು ಲೆಕ್ಕ ನೋಡುವುದು ನನ್ನ ಕೆಲಸ. ಆಗಾಗ ಯಾರಾದರೂ ಬೈಲಾ ಪುಸ್ತಕ ಹಿಡಿದುಕೊಂಡು ಬರುತ್ತಾರೆ. "ಇದರಲ್ಲಿ ಏನಿದೆ ಅಂತ ಎರಡು ಪುಟದಲ್ಲಿ ಬರೆದುಕೊಡಿ" ಎಂದು ಕೇಳುತ್ತಾರೆ. ಕೇಳುವುದಕ್ಕೆ ಸುಲಭ. ಆದರೆ ಆಡಳಿತ ಮಂಡಳಿಯ ಜೊತೆ ತಕರಾರು ಶುರುವಾದ ಮೇಲೆ ಬರೆಯುವ ಸಾರಾಂಶವೇ ಬೇರೆ, ಸುಮ್ನೆ ತಿಳಿದುಕೊಳ್ಳಲು ಬರೆಯುವುದೇ ಬೇರೆ. ಅಂಥ ಒಂದು ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಸಂಘ ಯಾವುದು, ಜನ ಯಾರು ಎಂದು ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬೈಲಾದ ಸಂಖ್ಯೆಗಳು ಈ ಬರಹಕ್ಕೆ ಮಾತ್ರ ಸೇರಿದವು. ನಿಮ್ಮ ಸಂಘದಲ್ಲಿ ಅದೇ ಸಂಖ್ಯೆಯಲ್ಲಿ ಬೇರೆ ಏನೋ ಇರುತ್ತದೆ.

ಹಿನ್ನೆಲೆ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಹಳೆಯ ವಸತಿ ಸಮುಚ್ಚಯ. 96 ಮನೆಗಳು. ಅದರಲ್ಲಿ 31 ಮನೆಗಳಲ್ಲಿ ಬಾಡಿಗೆದಾರರಿದ್ದಾರೆ. ಸಂಘ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿದೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ಎಷ್ಟೋ ಅಪಾರ್ಟ್‌ಮೆಂಟ್ ಸಂಘಗಳು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇವೆ. ಇನ್ನು ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ. ಅಧ್ಯಕ್ಷರು, ಕಾರ್ಯದರ್ಶಿ, ತಿಂಗಳ ಮೇಂಟೆನೆನ್ಸ್ ಬಿಲ್ಲು ಎಲ್ಲ ಕಡೆ ಇರುತ್ತದೆ. ಆದರೆ ತಕರಾರು ಬಂದಾಗ ಹೋಗಬೇಕಾದ ಬಾಗಿಲು ಬೇರೆ ಬೇರೆ. ಹಾಗಾಗಿ ಯಾರೇ ಬಂದರೂ ನಾನು ಮೊದಲು ಕೇಳುವುದು ನೋಂದಣಿ ಪತ್ರ, ಆಮೇಲೆ ಬೈಲಾ.

ನನ್ನ ಬಳಿ ಬಂದವರು ನಿವೃತ್ತ ಶಾಲಾ ಶಿಕ್ಷಕಿ. ಅಲ್ಲಿ ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನೆಲಮಹಡಿಯ ಮನೆಯಲ್ಲಿ ತಾವೇ ವಾಸ ಇದ್ದಾರೆ. ಮೂರನೇ ಮಹಡಿಯಲ್ಲಿ ಇನ್ನೊಂದು ಮನೆ ಇದೆ, 1,150 ಚದರ ಅಡಿ. ಅದನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಖಾಸಗಿ ಶಾಲೆಯಲ್ಲಿ ಕೆಲಸ ಮಾಡಿದ್ದರಿಂದ ಪಿಂಚಣಿ ಇಲ್ಲ. ಆ ಬಾಡಿಗೆಯೇ ಅವರ ಜೀವನ.

ಸಮಸ್ಯೆ

ಆ ಸಂಘದಲ್ಲಿ ನಿರ್ವಹಣಾ ಶುಲ್ಕ ಚದರ ಅಡಿಗೆ 3.50 ರೂಪಾಯಿ. ಟೀಚರ್ ಅವರ ಮೂರನೇ ಮಹಡಿಯ ಮನೆಗೆ ತಿಂಗಳಿಗೆ 4,025 ರೂಪಾಯಿ ಆಗುತ್ತದೆ. ಅದನ್ನು ಅವರು ಒಂದು ತಿಂಗಳೂ ತಪ್ಪಿಸಿಲ್ಲ.

ಜುಲೈ ತಿಂಗಳಲ್ಲಿ ಆಡಳಿತ ಮಂಡಳಿ ಒಂದು ಠರಾವು ಮಾಡಿತು. ಬಾಡಿಗೆಗೆ ಕೊಟ್ಟ ಮನೆಗಳು ನಿರ್ವಹಣಾ ಶುಲ್ಕದ ಮೇಲೆ ಇನ್ನೂ ಅರ್ಧದಷ್ಟು ಕೊಡಬೇಕು. ಹೊಸ ಬಾಡಿಗೆದಾರರು ಬಂದಾಗಲೆಲ್ಲ ಸಾಮಾನು ಸಾಗಿಸುವ ಶುಲ್ಕ ಎಂದು 10,000 ರೂಪಾಯಿ ಕೊಡಬೇಕು, ಅದು ವಾಪಸ್ ಬರುವುದಿಲ್ಲ. ಪೊಲೀಸ್ ಪರಿಶೀಲನೆಯ ಕಾಗದಪತ್ರಕ್ಕೆ 500 ರೂಪಾಯಿ. ಠರಾವು ಆದದ್ದು ಜುಲೈನಲ್ಲಿ, ಜಾರಿ ಮಾತ್ರ ಏಪ್ರಿಲ್‌ನಿಂದ.

ಟೀಚರ್ ಮನೆಗೆ ಜೂನ್‌ನಲ್ಲಿ ಹೊಸ ಬಾಡಿಗೆದಾರರು ಬಂದಿದ್ದರು. ಆಗಸ್ಟ್ 8ರ ದಿನಾಂಕ ಹಾಕಿ ಅವರಿಗೆ ಬೇಡಿಕೆ ಪತ್ರ ಬಂತು. ತಿಂಗಳಿಗೆ 2,012 ರೂಪಾಯಿಯಂತೆ ಐದು ತಿಂಗಳ 10,060, ಸಾಗಣೆಗೆ 10,000, ಪರಿಶೀಲನೆಗೆ 500. ಒಟ್ಟು 20,560 ರೂಪಾಯಿ. ಪತ್ರದಲ್ಲಿ "ಬೈಲಾ 23(ಎ) ಪ್ರಕಾರ" ಎಂದು ಬರೆದಿತ್ತು.

ಆಡಳಿತ ಮಂಡಳಿಯ ಮಾತಿನಲ್ಲೂ ಹುರುಳಿತ್ತು. ಬಾಡಿಗೆದಾರರು ಬದಲಾದಾಗಲೆಲ್ಲ ಲಿಫ್ಟಿನಲ್ಲಿ ಬೀರು, ಫ್ರಿಜ್ಜು ಸಾಗಿಸುತ್ತಾರೆ. ಒಂದೇ ವರ್ಷದಲ್ಲಿ ಲಿಫ್ಟಿನ ಬಾಗಿಲು ಎರಡು ಸಲ ರಿಪೇರಿಗೆ ಬಂದಿತ್ತು. ಊರಾಚೆ ಇರುವ ಮಾಲೀಕರು ಯಾವ ಸಭೆಗೂ ಬರುವುದಿಲ್ಲ, ಯಾವ ಕೆಲಸಕ್ಕೂ ಕೈಹಾಕುವುದಿಲ್ಲ ಎಂಬ ಬೇಸರವೂ ಇತ್ತು. ಈ ಮಾತುಗಳನ್ನು ನಾನು ಮೊದಲ ದಿನವೇ ಟೀಚರ್‌ಗೆ ಹೇಳಿದೆ. ಶುಲ್ಕ ಬೇಕೋ ಬೇಡವೋ ಎಂಬುದು ಒಂದು ಪ್ರಶ್ನೆ. ಅದನ್ನು ಹಾಕುವ ಅಧಿಕಾರ ಯಾರಿಗಿದೆ ಎಂಬುದು ಇನ್ನೊಂದು ಪ್ರಶ್ನೆ. ಬೈಲಾ ಉತ್ತರ ಕೊಡುವುದು ಎರಡನೆಯದಕ್ಕೆ ಮಾತ್ರ.

ಮೊದಲು ಅವರೇ ಮಾಡಿದ ಪ್ರಯತ್ನ

ನನ್ನ ಬಳಿ ಬರುವ ಮೊದಲೇ ಟೀಚರ್ ಒಂದು ಪತ್ರ ಕೊಟ್ಟಿದ್ದರು. ಅವರ ಅಣ್ಣನ ಮಗ ಮೊಬೈಲಿನಲ್ಲಿ ಹುಡುಕಿ ಒಂದು ವಿಷಯ ಕಳಿಸಿದ್ದ. ಬಾಡಿಗೆ ಕೊಟ್ಟ ಮನೆಗೆ ಸೇವಾ ಶುಲ್ಕದ ಶೇಕಡಾ 10ಕ್ಕಿಂತ ಹೆಚ್ಚು ಹಾಕುವಂತಿಲ್ಲ ಎಂದು ಅದರಲ್ಲಿತ್ತು. ಟೀಚರ್ ಅದನ್ನೇ ಪತ್ರದಲ್ಲಿ ಬರೆದು, ನಿಮ್ಮ ಠರಾವು ಕಾನೂನುಬಾಹಿರ ಎಂದು ಮುಗಿಸಿದ್ದರು.

ಆ ಶೇಕಡಾ 10ರ ಮಿತಿ ಇರುವುದು ನಿಜ. ಆದರೆ ಅದು 2001ರಲ್ಲಿ ಮಹಾರಾಷ್ಟ್ರ ಸರ್ಕಾರ ಅಲ್ಲಿನ ಸಹಕಾರ ಕಾಯ್ದೆಯಡಿ ಹೊರಡಿಸಿದ ಆದೇಶ. ಅದು ಮುಂಬೈ, ಪುಣೆಯ ವಸತಿ ಸಂಘಗಳಿಗೆ ಅನ್ವಯಿಸುತ್ತದೆ. ಬೆಂಗಳೂರಿನ ಸಂಘವನ್ನು ಅದು ಕಟ್ಟಿಹಾಕುವುದಿಲ್ಲ. ವಸತಿ ಸಂಘಗಳ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಮಾಹಿತಿಯಲ್ಲಿ ಮಹಾರಾಷ್ಟ್ರದ್ದೇ ಜಾಸ್ತಿ. ಮಾದರಿ ಬೈಲಾ ಎಂದು ಹುಡುಕಿದರೂ ಮೊದಲು ಸಿಗುವುದು ಅಲ್ಲಿಯದೇ. ಆಡಳಿತ ಮಂಡಳಿಯಲ್ಲಿ ಇದನ್ನು ಬಲ್ಲವರು ಒಬ್ಬರಿದ್ದರು. "ತಾವು ಉಲ್ಲೇಖಿಸಿದ ಆದೇಶ ಈ ರಾಜ್ಯಕ್ಕೆ ಅನ್ವಯಿಸುವುದಿಲ್ಲ" ಎಂದು ಒಂದೇ ಸಾಲಿನ ಉತ್ತರ ಬಂತು. ಪತ್ರದಲ್ಲಿದ್ದ ಬೇರೆ ಒಳ್ಳೆಯ ಮಾತುಗಳೂ ಅದರ ಜೊತೆ ಹೋದವು.

ಹಾಗಾದರೆ ಬೆಂಗಳೂರಿನಲ್ಲಿ ಅವರು ಯಾವುದನ್ನು ಹಿಡಿದುಕೊಳ್ಳಬೇಕು? ತಮ್ಮದೇ ಸಂಘದ ಬೈಲಾವನ್ನು. ಸಹಕಾರ ಸಂಘದ ಬೈಲಾಗೆ ಶಾಸನದ ಬಲ ಇಲ್ಲ, ಅದು ಕಂಪನಿಯೊಂದರ ಒಳನಿಯಮಗಳಂತೆ ಸಂಘ ಮತ್ತು ಸದಸ್ಯರನ್ನು ಕಟ್ಟುವಂಥದ್ದು ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ಅಂದರೆ ಅದು ಸದಸ್ಯರು ತಮ್ಮೊಳಗೆ ಮಾಡಿಕೊಂಡ ಕರಾರು. ಕರಾರಿನಲ್ಲಿ ಏನಿದೆಯೋ ಅದು ಎರಡೂ ಕಡೆಯವರಿಗೆ ಅನ್ವಯ. ಪಕ್ಕದ ಸಂಘದ ಬೈಲಾದಲ್ಲಿ, ಪಕ್ಕದ ರಾಜ್ಯದ ಆದೇಶದಲ್ಲಿ ಏನಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಯಾವ ಬೈಲಾ?

ಟೀಚರ್ ನನಗೆ ಕೊಟ್ಟದ್ದು ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದ್ದ ಪಿಡಿಎಫ್. ಅದರಲ್ಲಿ 23(ಎ) ಇತ್ತು. "ಬಾಡಿಗೆಗೆ ನೀಡಿದ ಮನೆಗಳ ಮೇಲೆ ನಿರ್ವಹಣಾ ಶುಲ್ಕದ ಶೇಕಡಾ 50ನ್ನು ಮೀರದಂತೆ ಹೆಚ್ಚುವರಿ ಶುಲ್ಕ ವಿಧಿಸಬಹುದು" ಎಂದಿತ್ತು. ಇದನ್ನು ಓದಿದವರು ಯಾರಾದರೂ ಆಡಳಿತ ಮಂಡಳಿ ಸರಿಯಾಗಿಯೇ ಇದೆ ಎನ್ನುತ್ತಾರೆ.

ಆದರೆ ಆ ಪಿಡಿಎಫ್‌ನಲ್ಲಿ ಸಹಕಾರ ಸಂಘಗಳನ್ನು ನೋಂದಣಿ ಮಾಡುವ ಸರ್ಕಾರಿ ಅಧಿಕಾರಿಯಾದ ನಿಬಂಧಕರ ಕಚೇರಿಯ ಮುದ್ರೆ ಇರಲಿಲ್ಲ. ನೋಂದಣಿಯಾದ ಬೈಲಾ ಪ್ರತಿಯಲ್ಲಿ ಮುದ್ರೆ ಮತ್ತು ಸಹಿ ಇರಬೇಕು, ತಿದ್ದುಪಡಿಯಾದ ಪುಟಗಳಿಗೆ ನೋಂದಣಿ ಆದೇಶದ ಸಂಖ್ಯೆ, ದಿನಾಂಕ ಇರಬೇಕು. ಇದರಲ್ಲಿ 23(ಎ) ಇದ್ದ ಪುಟದ ಅಕ್ಷರದ ಗಾತ್ರವೇ ಬೇರೆ ಇತ್ತು. ಬೇರೆ ಪುಟಗಳೆಲ್ಲ ಹಳೆಯ ಟೈಪು, ಇದೊಂದು ಕಂಪ್ಯೂಟರಿನದು. ನಮ್ಮ ಕಾಯ್ದೆಯ 12ನೇ ಕಲಂ ಪ್ರಕಾರ ಬೈಲಾ ತಿದ್ದುಪಡಿ ನೋಂದಣಿಯಾಗುವವರೆಗೆ ಊರ್ಜಿತವಲ್ಲ. ಸರ್ವಸದಸ್ಯರ ಸಭೆ ಒಮ್ಮತದಿಂದ ಒಪ್ಪಿದ್ದರೂ ಅಷ್ಟೇ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ನೋಂದಾಯಿತ ಪ್ರತಿ ಸಿಗುವ ಮೊದಲು ಸಾರಾಂಶ ಬರೆಯಬೇಕೋ ಬೇಡವೋ? ಬೇಡ ಎಂದೆ. ಟೀಚರ್‌ಗೆ ಇದು ಸಮಾಧಾನ ತರಲಿಲ್ಲ, ದಿನ ಓಡುತ್ತಿತ್ತು. ಮಾಹಿತಿ ಹಕ್ಕಿನಡಿ ಸಂಘವನ್ನೇ ಕೇಳೋಣ ಅಂದರು. ಅದು ಆಗುವುದಿಲ್ಲ. ಸರ್ಕಾರದ ಒಡೆತನವಾಗಲಿ ಗಣನೀಯ ಹಣವಾಗಲಿ ಇಲ್ಲದ ಸಹಕಾರ ಸಂಘ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ನಿಬಂಧಕರ ಕಚೇರಿ ಆ ವ್ಯಾಪ್ತಿಗೆ ಬರುತ್ತದೆ. ಆದರೆ ಅಲ್ಲಿ ಉತ್ತರ ಕೊಡಲು 30 ದಿನ ಇರುತ್ತದೆ. ನಮಗೆ ಅಷ್ಟು ದಿನ ಇರಲಿಲ್ಲ. ಅದಕ್ಕೇ ನೇರವಾಗಿ ಸಹಾಯಕ ನಿಬಂಧಕರ ಕಚೇರಿಗೆ ಹೋಗಿ, ಬೈಲಾ ಮತ್ತು ಇದುವರೆಗಿನ ಎಲ್ಲ ತಿದ್ದುಪಡಿಗಳ ದೃಢೀಕೃತ ನಕಲು ಬೇಕೆಂದು ಶುಲ್ಕ ಕಟ್ಟಿ ಅರ್ಜಿ ಕೊಟ್ಟರು. ಅರ್ಜಿಯಲ್ಲಿ "23(ಎ) ತಿದ್ದುಪಡಿಯ ಈಗಿನ ಸ್ಥಿತಿ ತಿಳಿಸಿ" ಎಂಬ ಒಂದು ಸಾಲನ್ನು ಸೇರಿಸಿದೆವು.

ಎರಡನೇ ವಾರದಲ್ಲಿ ನಕಲು ಬಂತು. ಅದರಲ್ಲಿ 23 ಇತ್ತು, 23(ಎ) ಇರಲಿಲ್ಲ. ಜೊತೆಗೆ ಒಂದು ಹಿಂಬರಹ. 2016ರ ಸಾಮಾನ್ಯ ಸಭೆಯ ನಂತರ ತಿದ್ದುಪಡಿ ಪ್ರಸ್ತಾವ ಬಂದಿತ್ತು, ನ್ಯೂನತೆಗಳಿದ್ದುದರಿಂದ ಹಿಂದಿರುಗಿಸಲಾಗಿದೆ, ಮತ್ತೆ ಸಲ್ಲಿಕೆಯಾಗಿಲ್ಲ ಎಂದಿತ್ತು. ಆಗಿನ ಕಾರ್ಯದರ್ಶಿ ಬದಲಾಗಿದ್ದರು. ಹೊಸಬರಿಗೆ ಆ ಕಡತದ ನೆನಪೇ ಇರಲಿಲ್ಲ. ಯಾರೋ ತಿದ್ದುಪಡಿ ಆಗಿಯೇ ಹೋಯಿತೆಂದು ತಿಳಿದು ಹೊಸ ಪುಟ ಸೇರಿಸಿ ಸ್ಕ್ಯಾನ್ ಮಾಡಿದ್ದರು. ಇದರಲ್ಲಿ ಮೋಸ ಇರಲಿಲ್ಲ. ಅದನ್ನು ಟೀಚರ್‌ಗೆ ಒತ್ತಿ ಹೇಳಿದೆ. ಪತ್ರದಲ್ಲಿ "ನಕಲಿ ಬೈಲಾ" ಎಂಬ ಮಾತು ಬಂದಿದ್ದರೆ ಆ ಕಡೆಯವರು ತಮ್ಮ ಮಾನ ಉಳಿಸಿಕೊಳ್ಳಲು ನಿಲ್ಲುತ್ತಿದ್ದರು.

ಸಾರಾಂಶ ಬರೆದ ಬಗೆ

ದೃಢೀಕೃತ ಬೈಲಾ 42 ಪುಟ. ಅದನ್ನು ಮೊದಲ ಪುಟದಿಂದ ಕೊನೆಯವರೆಗೆ ಸಣ್ಣದು ಮಾಡುತ್ತಾ ಹೋದರೆ ಸದಸ್ಯತ್ವ, ಷೇರು, ಚುನಾವಣೆ ಎಲ್ಲ ಬಂದು, ಬೇಕಾದದ್ದು ಮೂಲೆಗೆ ಬೀಳುತ್ತದೆ. ನಾನು ಬೇಡಿಕೆ ಪತ್ರವನ್ನು ಮುಂದಿಟ್ಟುಕೊಂಡು ಶುರು ಮಾಡಿದೆ. ಅದರಲ್ಲಿ ಮೂರು ಮೊತ್ತಗಳಿದ್ದವು. ಪ್ರತಿ ಮೊತ್ತಕ್ಕೂ ಒಂದೇ ಪ್ರಶ್ನೆ: ಇದನ್ನು ಹಾಕುವ ಅಧಿಕಾರ ಬೈಲಾ ಯಾರಿಗೆ ಕೊಟ್ಟಿದೆ, ಯಾವ ಮಿತಿಯೊಳಗೆ?

ಬೈಲಾ 44ರಲ್ಲಿ ಆಡಳಿತ ಮಂಡಳಿಯ ಅಧಿಕಾರಗಳ ಪಟ್ಟಿ ಇತ್ತು. ಅದರ ಒಂದು ಉಪಖಂಡದಲ್ಲಿ "ಕಟ್ಟಡದ ನಿರ್ವಹಣೆಗೆ ಅಗತ್ಯವಾದ ಶುಲ್ಕಗಳನ್ನು, ಸರ್ವಸದಸ್ಯರ ಸಭೆ ಅನುಮೋದಿಸಿದ ದರಗಳಿಗೆ ಒಳಪಟ್ಟು, ವಸೂಲು ಮಾಡುವುದು" ಎಂದಿತ್ತು. ಕಾರ್ಯದರ್ಶಿ ಟೀಚರ್‌ಗೆ ತೋರಿಸಿದ್ದು ಇದೇ ಸಾಲನ್ನು, ಆದರೆ ನಡುವಿನ ತುಂಡನ್ನು ಬಿಟ್ಟು ಓದಿದ್ದರು. ಬೈಲಾ 37ರಲ್ಲಿ ಸರ್ವಸದಸ್ಯರ ಸಭೆಯ ಅಧಿಕಾರಗಳಿದ್ದವು. ಶುಲ್ಕದ ದರ ನಿಗದಿ ಅಲ್ಲಿ ಸ್ಪಷ್ಟವಾಗಿ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಚಿತ್ರ ಪೂರ್ತಿಯಾಗುತ್ತದೆ. ದರ ನಿಗದಿ ಮಾಡುವುದು ಸಭೆ, ವಸೂಲು ಮಾಡುವುದು ಮಂಡಳಿ. ಕಾಯ್ದೆಯ 26ನೇ ಕಲಂ ಕೂಡ ಸಂಘದ ಅಂತಿಮ ಅಧಿಕಾರವನ್ನು ಸರ್ವಸದಸ್ಯರ ಸಭೆಗೇ ಕೊಡುತ್ತದೆ. ಇದನ್ನು ಸಾರಾಂಶದಲ್ಲಿ ಬರೆಯುವಾಗ ಬೈಲಾದ ವಾಕ್ಯವನ್ನು ಇದ್ದದ್ದು ಇದ್ದ ಹಾಗೆ ಕೊಟ್ಟೆ. ಕೆಳಗೆ ನನ್ನ ಮಾತಿನಲ್ಲಿ ಒಂದು ಸಾಲು ಬರೆದೆ. ಬರೀ ನನ್ನ ಮಾತಿದ್ದರೆ ಆ ಕಡೆಯವರು ಅದನ್ನು ನಂಬಬೇಕಾದ ಕಾರಣ ಇಲ್ಲ, ಅಲ್ವಾ?

ಇಷ್ಟು ಬರೆದಾಗ ಟೀಚರ್ ಮುಖ ಅರಳಿತು. "ಸಾಕು ಬಿಡಿ, ಇದನ್ನೇ ಕೊಟ್ಟುಬಿಡೋಣ" ಅಂದರು. ಅವರ ವಿರುದ್ಧ ಹೋಗುವ ಖಂಡಗಳನ್ನು ಬರೆಯುವುದು ಅವರಿಗೆ ಇಷ್ಟವಿರಲಿಲ್ಲ.

"ಮೇಡಂ, ಅವರ ಹತ್ತಿರಾನೂ ಪುಸ್ತಕ ಇದೆ. ನಾವು ಬಿಟ್ಟದ್ದನ್ನೇ ಅವರು ಮೊದಲು ಓದುತ್ತಾರೆ" ಎಂದು ಹೇಳಿದೆ. ಒಪ್ಪಿದರು.

ವಿರುದ್ಧ ಇದ್ದದ್ದು ಮುಖ್ಯವಾಗಿ ಮೂರು. ಮೊದಲನೆಯದು 23(3). ಬಾಡಿಗೆದಾರರ ವಿವರ ಪಡೆಯುವ, ಪರಿಶೀಲನೆ ಮಾಡಿಸುವ ಮತ್ತು ಅದಕ್ಕೆ ತಗಲುವ ಖರ್ಚನ್ನು ಸದಸ್ಯರಿಂದ ಪಡೆಯುವ ಅಧಿಕಾರವನ್ನು ಅದು ಮಂಡಳಿಗೇ ಕೊಟ್ಟಿತ್ತು. ಹಾಗಾಗಿ 500 ರೂಪಾಯಿ ಕಟ್ಟಲೇಬೇಕು ಎಂದು ಸಾರಾಂಶದಲ್ಲೇ ಬರೆದೆ.

ಎರಡನೆಯದು ಬೈಲಾ 45, ತುರ್ತು ಅಧಿಕಾರ. ತುರ್ತು ಸಂದರ್ಭದಲ್ಲಿ ಮಂಡಳಿ ತಾನೇ ತೀರ್ಮಾನ ಮಾಡಿ ಮುಂದಿನ ಸಾಮಾನ್ಯ ಸಭೆಯಲ್ಲಿ ಸ್ಥಿರೀಕರಣ ಪಡೆಯಬಹುದಿತ್ತು. ಲಿಫ್ಟ್ ರಿಪೇರಿ ತುರ್ತು ಎಂದು ಅವರು ಹೇಳಬಹುದು. ಆದರೆ ತುರ್ತು ಇದ್ದರೆ ರಿಪೇರಿಯ ಬಿಲ್ಲು ಹಂಚಬೇಕು. ಪ್ರತಿ ತಿಂಗಳೂ ಬರುವ, ಕೊನೆಯೇ ಇಲ್ಲದ ಶುಲ್ಕ ತುರ್ತು ಹೇಗಾಗುತ್ತದೆ? ಅದೂ ಕಳೆದುಹೋದ ಏಪ್ರಿಲ್‌ನಿಂದ? ಇದು ನನ್ನ ಓದು ಎಂದು ಗುರುತು ಹಾಕಿ ಬರೆದೆ.

ಮೂರನೆಯದೇ ನಿಜವಾದ ಕಷ್ಟ. 23(ಎ) ನೋಂದಣಿಯಾಗಿಲ್ಲ, ಸರಿ. ಆದರೆ 2016ರಲ್ಲಿ ಸರ್ವಸದಸ್ಯರ ಸಭೆ ಅದನ್ನು ಒಪ್ಪಿದ್ದು ಸುಳ್ಳಲ್ಲ. ಬೈಲಾ ತಿದ್ದುಪಡಿಯಾಗಿ ನಿಲ್ಲದಿದ್ದರೂ, 37ರ ಪ್ರಕಾರ ದರ ನಿಗದಿ ಮಾಡಿದ ಠರಾವಾಗಿ ಅದು ನಿಲ್ಲುತ್ತದೆ ಎಂದು ಅವರು ವಾದಿಸಬಹುದಿತ್ತು. ನಾನು ಆ ಕಡೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಇದಕ್ಕೆ ಉತ್ತರ ಬೈಲಾದಲ್ಲಿ ಇರಲಿಲ್ಲ, 2016ರ ನಡವಳಿ ಪುಸ್ತಕದಲ್ಲಿ ಇರಬೇಕಿತ್ತು. ಬೈಲಾ 49 ಪ್ರಕಾರ ಕಚೇರಿ ಸಮಯದಲ್ಲಿ ನಡವಳಿ ನೋಡುವ ಹಕ್ಕು ಸದಸ್ಯರಿಗಿತ್ತು. ಟೀಚರ್ ಹೋಗಿ ಕೂತು ಕೈಯಲ್ಲೇ ಬರೆದುಕೊಂಡು ಬಂದರು. ಠರಾವಿನ ಕೊನೆಯ ವಾಕ್ಯ ಹೀಗಿತ್ತು: "ಪ್ರತಿ ವರ್ಷದ ದರವನ್ನು ವಾರ್ಷಿಕ ಸಭೆಯಲ್ಲಿ ನಿಗದಿಪಡಿಸತಕ್ಕದ್ದು." ಪಿಡಿಎಫ್‌ನ 23(ಎ)ಯಲ್ಲಿ ಈ ವಾಕ್ಯ ಬಿಟ್ಟುಹೋಗಿತ್ತು. ಶೇಕಡಾ 50 ಎಂಬುದು ಮೇಲಿನ ಮಿತಿ ಮಾತ್ರ, ದರ ಅಲ್ಲ. ಅಂದರೆ ಆ ಠರಾವನ್ನು ಪೂರ್ತಿ ಒಪ್ಪಿಕೊಂಡರೂ ಮಂಡಳಿ ತಾನೇ ದರ ಹಾಕುವಂತಿರಲಿಲ್ಲ.

ಜುಲೈ ಸಭೆಯ ನಡವಳಿಯನ್ನೂ ಅವರು ನೋಡಿ ಬಂದಿದ್ದರು. 11 ಜನರಲ್ಲಿ 7 ಜನ ಇದ್ದರು, ಕೋರಂ ಇತ್ತು. ಆದರೆ ಈ ವಿಷಯ ಕಾರ್ಯಸೂಚಿಯಲ್ಲಿ ಇರಲಿಲ್ಲ. "ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು" ಎಂಬಲ್ಲಿ ಬಂದಿತ್ತು. ಟೀಚರ್‌ಗೆ ಇದೇ ದೊಡ್ಡ ಅಸ್ತ್ರ ಅನಿಸಿತು. ನಾನು ಅದನ್ನು ಸಾರಾಂಶದಲ್ಲಿ ಕೆಳಗೆ ಇಟ್ಟೆ. ಕಾರ್ಯಸೂಚಿಯ ತಪ್ಪನ್ನು ಏಳು ದಿನದ ನೋಟಿಸು ಕೊಟ್ಟು ಮತ್ತೆ ಸಭೆ ಸೇರಿ ಸರಿಮಾಡಿಕೊಳ್ಳಬಹುದು. ಅಧಿಕಾರವೇ ಇಲ್ಲದ್ದನ್ನು ಎಷ್ಟು ಸಲ ಸಭೆ ಸೇರಿದರೂ ಸರಿಮಾಡಲು ಆಗುವುದಿಲ್ಲ. ಮೊದಲನೆಯದನ್ನು ಮುಂದೆ ಇಟ್ಟರೆ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಹಣ ಕಟ್ಟುವುದೋ ಬಿಡುವುದೋ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯ ಇದ್ದದ್ದು ಈ ಜಾಗದಲ್ಲಿ. ಕೋಪದಲ್ಲಿ ಟೀಚರ್ ಆಗಸ್ಟ್ ತಿಂಗಳ 4,025 ರೂಪಾಯಿಯನ್ನೂ ತಡೆಹಿಡಿದಿದ್ದರು. "ತೀರ್ಮಾನ ಆಗುವವರೆಗೆ ಒಂದು ಪೈಸೆ ಕೊಡಲ್ಲ" ಎಂದಿದ್ದರು.

ಬೈಲಾ 58 ಪ್ರಕಾರ ಸಂಘಕ್ಕೆ ಕೊಡಬೇಕಾದ ಯಾವುದೇ ಮೊತ್ತ ಮೂರು ತಿಂಗಳು ಬಾಕಿ ಉಳಿದರೆ ಆ ಸದಸ್ಯರು ಸುಸ್ತಿದಾರರು. ಸುಸ್ತಿದಾರರಿಗೆ ಸಾಮಾನ್ಯ ಸಭೆಯಲ್ಲಿ ಮತ ಇಲ್ಲ, ಬಾಕಿಗೆ ಶೇಕಡಾ 12 ಬಡ್ಡಿ. ಬೇಡಿಕೆ ಪತ್ರದ ಲೆಕ್ಕ ಏಪ್ರಿಲ್‌ನಿಂದ ಶುರುವಾಗಿತ್ತು. ಆ ಲೆಕ್ಕ ಹಿಡಿದರೆ ಅವರು ಆಗಲೇ ಸುಸ್ತಿದಾರರು. ವಾರ್ಷಿಕ ಸಭೆ ಸೆಪ್ಟೆಂಬರ್ ಕೊನೆಯಲ್ಲಿತ್ತು. ಯಾವ ಸಭೆಯಲ್ಲಿ ಈ ವಿಷಯ ತೀರ್ಮಾನ ಆಗಬೇಕೋ ಅದೇ ಸಭೆಯಲ್ಲಿ ಅವರಿಗೆ ಮತ ಇಲ್ಲದಂತಾಗುತ್ತಿತ್ತು. ಅವರಂತೆ ಬಾಡಿಗೆಗೆ ಕೊಟ್ಟ ಉಳಿದ ಮಾಲೀಕರಿಗೂ ಅದೇ ಗತಿ.

ಇದಕ್ಕೆ ದಾರಿ ಬೈಲಾ 52ರಲ್ಲಿತ್ತು. ಬೇಡಿಕೆಯನ್ನು ಒಪ್ಪದ ಸದಸ್ಯರು 30 ದಿನದೊಳಗೆ ಮಂಡಳಿಗೆ ಲಿಖಿತ ಮೇಲ್ಮನವಿ ಕೊಡಬೇಕು, ಅಲ್ಲಿ ಬಗೆಹರಿಯದಿದ್ದರೆ ಅದನ್ನು ಸಾಮಾನ್ಯ ಸಭೆಯ ಮುಂದೆ ಇಡಬೇಕು. ಇಲ್ಲಿವರೆಗೆ ಎಲ್ಲರೂ ಓದಿದ್ದರು. ಅದರ ಮೂರನೇ ಉಪಖಂಡವನ್ನು ಯಾರೂ ಗಮನಿಸಿದಂತಿರಲಿಲ್ಲ. ತಕರಾರಿಲ್ಲದ ಭಾಗವನ್ನು ಪೂರ್ತಿ ಕಟ್ಟಿದ್ದರೆ, ಮೇಲ್ಮನವಿ ಇತ್ಯರ್ಥ ಆಗುವವರೆಗೆ ಉಳಿದ ಭಾಗವನ್ನು ಬಾಕಿ ಎಂದು ಪರಿಗಣಿಸತಕ್ಕದ್ದಲ್ಲ ಎಂದು ಅಲ್ಲಿತ್ತು.

ಹಾಗಾಗಿ ಸಾರಾಂಶದ ತಲೆಯಲ್ಲೇ, ಯಾವ ವಾದಕ್ಕೂ ಮೊದಲು, ಎರಡು ಸಾಲು ಹಾಕಿದೆ. ಆಗಸ್ಟ್‌ನ 4,025 ಮತ್ತು ಪರಿಶೀಲನೆಯ 500 ರೂಪಾಯಿ ಇವತ್ತೇ ಚೆಕ್ ಮೂಲಕ ಕಟ್ಟಿ, ಚೆಕ್ ಹಿಂದೆ ಯಾವುದಕ್ಕೆಂದು ಬರೆಯಿರಿ. ಸೆಪ್ಟೆಂಬರ್ 7ರ ಒಳಗೆ ಮೇಲ್ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಚೆಕ್ ಹಿಂದೆ ಬರೆಯದಿದ್ದರೆ ಸಂಘ ಆ ಹಣವನ್ನು ಹಳೆಯ ಬಾಕಿಗೆ ಜಮಾ ಮಾಡಿಕೊಂಡು, ಚಾಲ್ತಿ ತಿಂಗಳನ್ನು ಬಾಕಿ ಎಂದು ತೋರಿಸುವ ಸಾಧ್ಯತೆ ಇರುತ್ತದೆ. ಇದು ಎಷ್ಟೋ ಸಂಘಗಳಲ್ಲಿ ಆಗುತ್ತದೆ.

ಏನಾಯಿತು

ಟೀಚರ್ ಒಂದೂವರೆ ಪುಟದ ಮೇಲ್ಮನವಿ ಬರೆದರು. ಎರಡು ಪುಟದ ಸಾರಾಂಶ ಮತ್ತು ಹಿಂಬರಹದ ನಕಲನ್ನು ಲಗತ್ತಿಸಿದರು. ಬೇಡಿಕೆ ಎರಡೇ ಇತ್ತು: ತಕರಾರಿನ 20,060 ರೂಪಾಯಿಯ ವಸೂಲಿಯನ್ನು ತಡೆಹಿಡಿಯಿರಿ, ದರದ ವಿಷಯವನ್ನು ವಾರ್ಷಿಕ ಸಭೆಯ ಕಾರ್ಯಸೂಚಿಗೆ ಸೇರಿಸಿ. ಠರಾವು ರದ್ದು ಮಾಡಿ ಎಂದು ಮಂಡಳಿಯನ್ನು ಕೇಳಲಿಲ್ಲ. ತಾನೇ ಮಾಡಿದ್ದನ್ನು ತಾನೇ ರದ್ದು ಮಾಡು ಎಂದರೆ ಯಾರಿಗೂ ಕಷ್ಟ. ಸಭೆಯ ಮುಂದೆ ಇಡು ಎಂದರೆ ಒಪ್ಪುವುದು ಸುಲಭ.

ಮಂಡಳಿಯಲ್ಲಿ ಒಬ್ಬರು ಲೆಕ್ಕಪರಿಶೋಧಕರಿದ್ದರು, ಮಹಾರಾಷ್ಟ್ರದ ಆದೇಶವನ್ನು ಗುರುತಿಸಿದ್ದವರು ಅವರೇ. ಹಿಂಬರಹ ಓದಿದ ಮೇಲೆ ನಮ್ಮ ಹತ್ತಿರ ಇರುವ ನೋಂದಾಯಿತ ಪ್ರತಿ ತೋರಿಸಿ ಎಂದು ಅವರೇ ಕೇಳಿದರಂತೆ. ಸಂಘದ ಕಪಾಟಿನಲ್ಲಿ ಅದು ಸಿಗಲಿಲ್ಲ. ಅಲ್ಲಿಗೆ ಮಂಡಳಿ ವಸೂಲಿ ತಡೆಹಿಡಿದು, ವಿಷಯವನ್ನು ಕಾರ್ಯಸೂಚಿಗೆ ಸೇರಿಸಿತು.

ಸಭೆಗೆ ಮೊದಲು ಇನ್ನೊಂದು ಕೆಲಸ ಇತ್ತು. ಸಹಕಾರ ಸಂಘದಲ್ಲಿ ಸದಸ್ಯರು ಖುದ್ದಾಗಿ ಬಂದೇ ಮತ ಹಾಕಬೇಕು, ಬೇರೆಯವರ ಕೈಯಲ್ಲಿ ಪತ್ರ ಕೊಟ್ಟು ಕಳಿಸುವಂತಿಲ್ಲ. ಮನೆ ಎರಡಿದ್ದರೂ ಒಬ್ಬರಿಗೆ ಒಂದೇ ಮತ. ಹೊರಗೆ ಇರುವ ಮಾಲೀಕರು ಬರದಿದ್ದರೆ ಅಲ್ಲೇ ವಾಸ ಇರುವವರ ಮಾತೇ ನಡೆಯುತ್ತದೆ. ಟೀಚರ್ ಫೋನ್ ಮಾಡಿ ಒಬ್ಬೊಬ್ಬರಿಗೂ ಹೇಳಿದರು. ಹತ್ತೊಂಬತ್ತು ಜನ ಬಂದರು.

ಸಭೆಯಲ್ಲಿ ಅರ್ಧದಷ್ಟು ಹೆಚ್ಚುವರಿ ಶುಲ್ಕ ಬಿದ್ದುಹೋಯಿತು. ಏಪ್ರಿಲ್‌ನಿಂದ ಹಾಕಿದ್ದ ಬೇಡಿಕೆ ವಾಪಸ್ ಆಯಿತು. ಆಗಲೇ ಕಟ್ಟಿದ್ದ ಏಳು ಮಾಲೀಕರ ಹಣವನ್ನು ಮುಂದಿನ ಬಿಲ್ಲುಗಳಿಗೆ ಹೊಂದಿಸಲು ತೀರ್ಮಾನವಾಯಿತು. 10,000 ರೂಪಾಯಿಯ ಜಾಗದಲ್ಲಿ 5,000 ರೂಪಾಯಿ ಠೇವಣಿ ಬಂತು. ಸಾಮಾನು ಸಾಗಿಸಿದ ಮೇಲೆ ಲಿಫ್ಟ್ ನೋಡಿ, ಹಾಳಾಗಿದ್ದರೆ ಅಷ್ಟನ್ನು ಹಿಡಿದು ಉಳಿದದ್ದನ್ನು ಕೊಡಬೇಕು. ಜೊತೆಗೆ ಅಕ್ಟೋಬರ್‌ನಿಂದ ಬಾಡಿಗೆ ಮನೆಗಳಿಗೆ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ ಎಂದು ಬಹುಮತದಿಂದ ಒಪ್ಪಿಗೆಯಾಯಿತು.

ಆ 300 ಟೀಚರ್‌ಗೆ ಹಿಡಿಸಲಿಲ್ಲ. ಕಾಯ್ದೆಯ 70ನೇ ಕಲಂ ಪ್ರಕಾರ ನಿಬಂಧಕರ ಮುಂದೆ ವಿವಾದ ಹೂಡುತ್ತೇನೆ ಎಂದರು. ಆ ದಾರಿ ಇದೆ. ಸಂಘದ ಆಡಳಿತಕ್ಕೆ ಸಂಬಂಧಿಸಿದ ಇಂಥ ತಕರಾರು ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ, ನಿಬಂಧಕರ ಮುಂದೆಯೇ ಹೋಗಬೇಕು. ಅಲ್ಲಿಯ ತೀರ್ಪಿನ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಜುಲೈ ಠರಾವನ್ನು ಅಲ್ಲಿಗೆ ಒಯ್ದಿದ್ದರೆ ನಮ್ಮ ಕೈಯಲ್ಲಿ ಬಲವಾದ ಕಾಗದಗಳಿದ್ದವು. ಈ 300ರ ಮಾತು ಹಾಗಲ್ಲ. ನೋಟಿಸು ಸರಿಯಾಗಿತ್ತು, ಕಾರ್ಯಸೂಚಿಯಲ್ಲಿತ್ತು, ಕೋರಂ ಇತ್ತು, ಅಧಿಕಾರ ಇರುವ ಸಭೆಯೇ ತೀರ್ಮಾನಿಸಿತ್ತು, ಹಿಂದಿನ ತಿಂಗಳಿಗೆ ಹಾಕಿರಲಿಲ್ಲ. ಮೊದಲ ಸಾರಾಂಶದಲ್ಲಿ ನಾವು ಎತ್ತಿದ್ದ ಪ್ರಶ್ನೆಗಳನ್ನೇ ಈ ಠರಾವಿಗೆ ಕೇಳಿದರೆ ಎಲ್ಲಕ್ಕೂ ಉತ್ತರ ಇತ್ತು. ಉಳಿಯುವುದು ಬಾಡಿಗೆ ಮನೆಗೆ ಮಾತ್ರ ಯಾಕೆ ಎಂಬ ನ್ಯಾಯದ ಪ್ರಶ್ನೆ. ಅದನ್ನು ಎತ್ತಬಹುದು, ಆದರೆ ಬೈಲಾದಲ್ಲಿ ಅದಕ್ಕೆ ಆಸರೆ ಇರಲಿಲ್ಲ. ಇದನ್ನು ಅರ್ಧ ಪುಟದಲ್ಲಿ ಬರೆದುಕೊಟ್ಟೆ.

ಟೀಚರ್ ಎರಡು ದಿನ ಯೋಚಿಸಿ ವಿವಾದ ಹೂಡುವುದು ಬೇಡ ಎಂದರು. ಮುಂದಿನ ವರ್ಷದ ಸಭೆಯಲ್ಲಿ ದರ ಮತ್ತೆ ಬರುತ್ತದೆ, ಆಗ ಲಿಫ್ಟ್ ರಿಪೇರಿಯ ನಿಜವಾದ ಖರ್ಚಿನ ಲೆಕ್ಕ ಕೇಳುತ್ತೇನೆ ಎಂದರು. ಮಂಡಳಿ 23(ಎ)ಯನ್ನು ವಾರ್ಷಿಕ ದರದ ವಾಕ್ಯ ಸೇರಿಸಿ ಹೊಸದಾಗಿ ಬರೆದು ನೋಂದಣಿಗೆ ಕಳಿಸಿದೆ. ವಾಟ್ಸ್ಆ್ಯಪ್ ಗುಂಪಿನಿಂದ ಹಳೆಯ ಪಿಡಿಎಫ್ ತೆಗೆದು, ದೃಢೀಕೃತ ಪ್ರತಿಯ ಸ್ಕ್ಯಾನ್ ಹಾಕಿದ್ದಾರೆ. ಅದು ಟೀಚರ್ ಶುಲ್ಕ ಕಟ್ಟಿ ತಂದ ಪ್ರತಿಯೇ. ಆ ಶುಲ್ಕವನ್ನು ಸಂಘ ಅವರಿಗೆ ವಾಪಸ್ ಕೊಟ್ಟಿದೆ.